ಯಾರ ಪೇರೋಲ್, ಯಾರ ಕೆಲಸ?

ಚಳ್ಳಕೆರೆಯ ಎಪಿಎಂಸಿಗೆ ಶೇಂಗಾ ತಂದ ರೈತನಿಗೆ ವ್ಯವಹಾರದ ಮೂರು ಮುಖಗಳೂ ಗೊತ್ತಿರುತ್ತವೆ. ಮಾಲು ತನ್ನದು, ಇಳಿಸಿಕೊಂಡವನು ದಲ್ಲಾಳಿ, ಕೊಳ್ಳುವವನು ಖರೀದಿದಾರ. ದಲ್ಲಾಳಿಯ ಕಮಿಷನ್ ಖರೀದಿದಾರನಿಂದ ಬರಬೇಕೇ ಹೊರತು ತನ್ನ ಪಟ್ಟಿಯಲ್ಲಿ ಮುರಿದುಕೊಳ್ಳುವಂತಿಲ್ಲ ಎಂಬುದೂ ಅವನಿಗೆ ಗೊತ್ತು. ಮುರಿದುಕೊಂಡರೆ ಜಗಳಕ್ಕೆ ನಿಲ್ಲುತ್ತಾನೆ. ಅದೇ ರೈತನ ಮಗಳು ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುವಾಗ ಬೆಂಗಳೂರಿನ ಯಾವುದೋ ಕನ್ಸಲ್ಟೆನ್ಸಿಯಿಂದ ಮೊಬೈಲಿಗೆ ಸಂದೇಶ ಬರುತ್ತದೆ. ಆಗ ಮನೆಯಲ್ಲಿ ಯಾರೂ ಖರೀದಿದಾರ ಯಾರೆಂದು ಕೇಳುವುದಿಲ್ಲ. ಕೇಳಿದರೆ ಕೆಲಸ ಕೈತಪ್ಪೀತೆಂಬ ಭಯ.

ಸಂದೇಶ ಸಾಮಾನ್ಯವಾಗಿ ಹೀಗಿರುತ್ತದೆ: ನಮ್ಮ ಕ್ಲೈಂಟ್ ಒಂದು ಪ್ರತಿಷ್ಠಿತ ಎಂಎನ್‌ಸಿ. ಹುದ್ದೆ ಕಾಂಟ್ರಾಕ್ಟ್ ಟು ಹೈರ್. ಸಿಟಿಸಿ ತಿಂಗಳಿಗೆ 24 ಸಾವಿರ. ಆರು ತಿಂಗಳಾದ ಮೇಲೆ ಪರ್ಮನೆಂಟ್. ಇವತ್ತು ಸಂಜೆಯೊಳಗೆ ರೆಸ್ಯೂಮೆ, ಆಧಾರ್, ಪ್ಯಾನ್ ಕಳಿಸಿ.

ಈ ನಾಲ್ಕೈದು ಸಾಲಿನಲ್ಲಿ ಸುಳ್ಳು ಇರಲೇಬೇಕೆಂದಿಲ್ಲ. ಕಾಂಟ್ರಾಕ್ಟ್ ಟು ಹೈರ್ ಎಂಬ ಪದ್ಧತಿ ನಿಜವಾಗಿಯೂ ಇದೆ, ಅದರಿಂದ ಕಾಯಂ ಆದವರೂ ಇದ್ದಾರೆ. ಮೊದಲಿಗೆ ನಿಮ್ಮನ್ನು ಏಜೆನ್ಸಿ ತನ್ನ ಪೇರೋಲ್‌ಗೆ ಸೇರಿಸಿಕೊಳ್ಳುತ್ತದೆ. ನೀವು ದಿನವೂ ಹೋಗುವುದು ಇನ್ನೊಂದು ಕಂಪನಿಗೆ. ಆ ಕಂಪನಿ ನಿಮ್ಮ ಕೆಲಸಕ್ಕೆ ಏಜೆನ್ಸಿಗೆ ಬಿಲ್ ಪ್ರಕಾರ ಹಣ ಕೊಡುತ್ತದೆ, ಏಜೆನ್ಸಿ ಅದರಿಂದ ನಿಮಗೆ ಸಂಬಳ ಕೊಡುತ್ತದೆ. ಒಂದಷ್ಟು ತಿಂಗಳಾದ ಮೇಲೆ ಕಂಪನಿಗೆ ಇಷ್ಟವಾದರೆ, ಹುದ್ದೆ ಖಾಲಿ ಇದ್ದರೆ, ತನ್ನ ಪೇರೋಲ್‌ಗೆ ತೆಗೆದುಕೊಳ್ಳುತ್ತದೆ. ಈ ಎರಡು ಷರತ್ತುಗಳು ಸಂದೇಶದಲ್ಲಿ ಇರುವುದಿಲ್ಲ.

ಕಾಂಟ್ರಾಕ್ಟ್ ಎಂದು ಜನ ಕರೆಯುವ ಇನ್ನೆರಡು ವ್ಯವಸ್ಥೆಗಳೂ ಇವೆ. ಒಂದರಲ್ಲಿ ಏಜೆನ್ಸಿ ಬರೀ ಪರಿಚಯ ಮಾಡಿಸಿ, ಅದಕ್ಕೆ ಕಂಪನಿಯಿಂದ ಶುಲ್ಕ ಪಡೆದು ಪಕ್ಕಕ್ಕೆ ಸರಿಯುತ್ತದೆ. ನೇಮಕಾತಿ ಪತ್ರ ಕಂಪನಿಯದೇ. ಇನ್ನೊಂದರಲ್ಲಿ ಕಂಪನಿಯೇ ನೇರವಾಗಿ ಒಂದು ವರ್ಷಕ್ಕೋ ಎರಡು ವರ್ಷಕ್ಕೋ ನೇಮಿಸಿಕೊಳ್ಳುತ್ತದೆ. ನಿಗದಿತ ಅವಧಿಯ ಈ ನೇಮಕಾತಿಯಲ್ಲಿ ನಡುವೆ ಯಾರೂ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಇಂಥವರಿಗೆ ಒಂದು ವರ್ಷ ಪೂರೈಸಿದರೆ ಗ್ರಾಚ್ಯುಟಿಯ ಹಕ್ಕೂ ಬರುತ್ತದೆ. ಮೂರಕ್ಕೂ ಫೋನಿನಲ್ಲಿ ಬಳಸುವ ಮಾತು ಒಂದೇ ಆದ್ದರಿಂದ, ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಮೊದಲು ಬಿಡಿಸಿಕೊಳ್ಳಬೇಕು.

ಬಿಡಿಸಿಕೊಳ್ಳಲು ಸುಲಭದ ದಾರಿ ಉತ್ತರವನ್ನು ಬರೆದು ಕಳಿಸುವುದು. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಮೊಳಕಾಲ್ಮುರಿನ ಒಬ್ಬ ಹುಡುಗಿ, ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವಳು, ಮೇಲಿನ ಸಂದೇಶಕ್ಕೆ ಉತ್ತರಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಅವಳು ಹೀಗೆ ಬರೆಯಬಹುದು:

“ನಮಸ್ಕಾರ ಸರ್. ಕೆಲಸದ ವಿಷಯ ತಿಳಿಸಿದ್ದಕ್ಕೆ ಧನ್ಯವಾದ, ನನಗೆ ಆಸಕ್ತಿ ಇದೆ. ರೆಸ್ಯೂಮೆ ಕಳಿಸುವ ಮುಂಚೆ ಕೆಲವು ವಿಷಯ ತಿಳಿಯಬೇಕು. ನೇಮಕಾತಿ ಪತ್ರ ಯಾವ ಕಂಪನಿಯ ಹೆಸರಿನಲ್ಲಿ ಬರುತ್ತದೆ? ಪಿಎಫ್ ಮತ್ತು ಇಎಸ್‌ಐ ಕಟ್ಟುವವರು ಯಾರು? ನಾನು ದಿನವೂ ಕೆಲಸ ಮಾಡಬೇಕಾದ ಕಂಪನಿ ಯಾವುದು, ಊರು ಯಾವುದು? ನಿಮಗೂ ಆ ಕಂಪನಿಗೂ ನೇರ ಒಪ್ಪಂದ ಇದೆಯೇ, ನಡುವೆ ಬೇರೆ ವೆಂಡರ್ ಇದ್ದಾರೆಯೇ? ಕಾಯಂ ಮಾಡುವ ತೀರ್ಮಾನ ಯಾರದು, ಆ ಮಾತು ಪತ್ರದಲ್ಲಿ ಬರೆದಿರುತ್ತದೆಯೇ? ಇವು ತಿಳಿದ ಕೂಡಲೇ ರೆಸ್ಯೂಮೆ ಕಳಿಸುತ್ತೇನೆ. ನನ್ನನ್ನು ಕೇಳದೆ ಯಾವ ಕಂಪನಿಗೂ ನನ್ನ ವಿವರ ಕೊಡಬೇಡಿ ಎಂದು ವಿನಂತಿ.”

ಆಧಾರ್, ಪ್ಯಾನ್ ಬಗ್ಗೆ ಅವಳು ಮಾತೆತ್ತಿಲ್ಲ, ಎತ್ತಬೇಕಾಗಿಯೂ ಇಲ್ಲ. ಅವು ಬೇಕಾಗುವುದು ಪಿಎಫ್ ಖಾತೆ ತೆರೆಯುವಾಗ ಮತ್ತು ಸಂಬಳ ಹಾಕುವಾಗ, ಅಂದರೆ ನೇಮಕಾತಿ ಪತ್ರ ಕೈಗೆ ಬಂದ ಮೇಲೆ. ಸಂದರ್ಶನಕ್ಕೂ ಮೊದಲೇ ಅವನ್ನು ಕೇಳುವವರಿಗೆ ಕೊಡಬೇಡಿ.

ಈ ಉತ್ತರಕ್ಕೆ ರಿಕ್ರೂಟರ್ ಬಹುಶಃ “ಕ್ಲೈಂಟ್ ಹೆಸರು ಕಾನ್ಫಿಡೆನ್ಷಿಯಲ್ ಮೇಡಂ” ಎನ್ನುತ್ತಾನೆ. ಅದರಲ್ಲಿ ಅವನ ಕಷ್ಟವೂ ಇದೆ. ಹೆಸರು ಹೇಳಿದರೆ ಹುಡುಗಿ ನೇರವಾಗಿ ಕಂಪನಿಗೇ ಅರ್ಜಿ ಹಾಕಬಹುದು, ಅಥವಾ ಇನ್ನೊಂದು ಏಜೆನ್ಸಿಯ ಕಿವಿಗೆ ಸುದ್ದಿ ಬಿದ್ದು ಅವರು ಮೊದಲು ಜನರನ್ನು ಕಳಿಸಬಹುದು. ಆಗ ಇವನ ಕಮಿಷನ್ ಹೋಯಿತು. ಹಾಗಾಗಿ ಮೊದಲ ಫೋನಿನಲ್ಲಿ ಹೆಸರು ಹೇಳದಿರುವುದು ಮೋಸದ ಗುರುತಲ್ಲ. ಆದರೆ ರೆಸ್ಯೂಮೆ ಕಂಪನಿಗೆ ಹೋಗುವ ಹೊತ್ತಿಗೆ ಹೆಸರು ಹೊರಬರಲೇಬೇಕು. ಕ್ರಮವಾಗಿ ಕೆಲಸ ಮಾಡುವ ಏಜೆನ್ಸಿಗಳು ಈ ಹಂತದಲ್ಲಿ ಒಂದು ಇ-ಮೇಲ್ ಕಳಿಸಿ, ಇಂಥ ಕಂಪನಿಯ ಇಂಥ ಹುದ್ದೆಗೆ ನಿಮ್ಮ ಪರವಾಗಿ ಅರ್ಜಿ ಹಾಕಲು ಒಪ್ಪಿಗೆ ಕೊಡಿ ಎಂದು ಕೇಳುತ್ತವೆ.

ಆ ಒಪ್ಪಿಗೆ ಬೇಕಾಗುವುದಕ್ಕೆ ಕಾರಣ ಇದೆ. ಒಂದೇ ಹುದ್ದೆಗೆ ಜನ ಹುಡುಕಿಕೊಡಿ ಎಂದು ಕಂಪನಿ ನಾಲ್ಕಾರು ಏಜೆನ್ಸಿಗಳಿಗೆ ಹೇಳಿರುತ್ತದೆ. ಎರಡು ಏಜೆನ್ಸಿಗಳಿಂದ ಒಬ್ಬರದೇ ರೆಸ್ಯೂಮೆ ಬಂದರೆ ಕಮಿಷನ್ ಯಾರಿಗೆ ಎಂಬ ತಕರಾರು ಹುಟ್ಟುತ್ತದೆ. ತಕರಾರಿಗೆ ಸಿಕ್ಕಿಹಾಕಿಕೊಳ್ಳುವ ಬದಲು ಕಂಪನಿ ಆ ಅಭ್ಯರ್ಥಿಯನ್ನೇ ಕೈಬಿಡುವುದುಂಟು. ಹೆಸರು ಕೇಳದೆ ಮೂವರು ರಿಕ್ರೂಟರ್‌ಗಳಿಗೆ ರೆಸ್ಯೂಮೆ ಕಳಿಸಿದ ಹುಡುಗಿಗೆ ಮೂರು ಅವಕಾಶ ಎಂದು ಅನ್ನಿಸಿರುತ್ತದೆ. ಒಳಗೆ ಅದು ಒಂದೇ ಹುದ್ದೆ, ಅವಳದೇ ಮೂರು ಅರ್ಜಿ. ಯಾಕೆ ಕರೆ ಬರಲಿಲ್ಲ ಎಂದು ಅವಳಿಗೆ ಯಾರೂ ಹೇಳುವುದಿಲ್ಲ.

ಹೆಸರು ಸಿಕ್ಕಿತು ಎಂದುಕೊಳ್ಳಿ. ಈಗ ಏಜೆನ್ಸಿಯ ಹೆಸರನ್ನೂ ಕಂಪನಿಯ ಹೆಸರನ್ನೂ ಮೊಬೈಲಿನಲ್ಲೇ ಪರಿಶೀಲಿಸಬಹುದು, ಖರ್ಚಿಲ್ಲ. ಪ್ರೈವೇಟ್ ಲಿಮಿಟೆಡ್ ಎಂದು ಹೇಳಿಕೊಳ್ಳುವ ಪ್ರತಿ ಸಂಸ್ಥೆಗೂ 21 ಅಕ್ಷರ ಮತ್ತು ಅಂಕಿಗಳ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಅದರ ಲೆಟರ್‌ಹೆಡ್‌ನಲ್ಲಿ ಆ ಸಂಖ್ಯೆ ಅಚ್ಚಾಗಿರಬೇಕು, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ `mca.gov.in` ತಾಣದಲ್ಲಿ ಹುಡುಕಿದರೂ ಸಿಗಬೇಕು. ಆ ಸಂಖ್ಯೆ `U78200KA2021PTC` ಎಂದು ಶುರುವಾಗುತ್ತಿದ್ದರೆ ಅದನ್ನು ಓದುವುದು ಹೀಗೆ: ಷೇರುಪೇಟೆಯಲ್ಲಿ ಇಲ್ಲದ ಕಂಪನಿ, ಕರ್ನಾಟಕದ ನೋಂದಣಿ, 2021ರಲ್ಲಿ ಹುಟ್ಟಿದ್ದು, ಪ್ರೈವೇಟ್ ಲಿಮಿಟೆಡ್. ನಡುವಿನ ಐದಂಕಿ ಅದರ ಉದ್ಯಮವನ್ನು ಹೇಳುತ್ತದೆ. 78ರಿಂದ ಶುರುವಾದರೆ ಕೆಲಸಗಾರರನ್ನು ಒದಗಿಸುವುದೇ ಅದರ ದಂಧೆ. ಹಳೆಯ ಕಂಪನಿಗಳಲ್ಲಿ ಅದೇ ದಂಧೆಗೆ 74910 ಎಂದಿರುತ್ತದೆ. “ನಾವೇ ಎಲೆಕ್ಟ್ರಾನಿಕ್ಸ್ ಕಂಪನಿ, ನಮ್ಮಲ್ಲೇ ಕೆಲಸ” ಎಂದವರ ಸಂಖ್ಯೆಯಲ್ಲಿ 78 ಕಂಡರೆ ಅವರು ದಲ್ಲಾಳಿಗಳು ಎಂದು ತಿಳಿಯಿತು. ಇದಕ್ಕೂ ಮಿತಿ ಇದೆ. ಉದ್ಯಮ ಬದಲಾದರೂ ಸಂಖ್ಯೆ ಬದಲಾಯಿಸದ ಕಂಪನಿಗಳು ಬೇಕಾದಷ್ಟಿವೆ. ಹಾಗಾಗಿ ಇದೊಂದನ್ನೇ ನಂಬಿ ಕೂರುವಂತಿಲ್ಲ.

ನನ್ನ ಮಟ್ಟಿಗೆ ಹೆಚ್ಚು ನಂಬಿಕೆಯ ಪರೀಕ್ಷೆ ಪಿಎಫ್ ಇಲಾಖೆಯದು. ಇಪಿಎಫ್‌ಒ ತಾಣದಲ್ಲಿ `Establishment Search` ಎಂಬ ಕಡೆ ಸಂಸ್ಥೆಯ ಹೆಸರು ಕೊಟ್ಟರೆ ಅದರ ಕೋಡ್, ವಿಳಾಸ ಬರುತ್ತವೆ. ಯಾವ ತಿಂಗಳು ಎಷ್ಟು ಮಂದಿಗೆ ಪಿಎಫ್ ಕಟ್ಟಿದ್ದಾರೆ ಎಂಬ ಪಾವತಿ ವಿವರವೂ ಅಲ್ಲೇ ಕಾಣುತ್ತದೆ. ಐನೂರು ಜನರನ್ನು ಕೆಲಸಕ್ಕೆ ಹಾಕಿದ್ದೇವೆ ಎನ್ನುವ ಏಜೆನ್ಸಿ ಹನ್ನೆರಡು ಜನರಿಗೆ ಪಿಎಫ್ ಕಟ್ಟಿದ್ದರೆ ಉಳಿದವರು ಎಲ್ಲಿದ್ದಾರೆ? ಒಂದೋ ಅವರಿಗೆ ಪಿಎಫ್ ಇಲ್ಲ, ಇಲ್ಲವೇ ಅವರು ಇನ್ನೊಂದು ಏಜೆನ್ಸಿಯ ಪೇರೋಲ್‌ನಲ್ಲಿದ್ದಾರೆ, ಇವರು ಉಪ ಏಜೆಂಟರು. ಎರಡರಲ್ಲಿ ಯಾವುದಾದರೂ ಸೇರುವ ಮುಂಚೆ ಗೊತ್ತಿರಬೇಕು.

ಸಂಬಳದ ಲೆಕ್ಕವನ್ನೂ ಇಲ್ಲೇ ನೋಡಿಬಿಡಬೇಕು, ಯಾಕೆಂದರೆ ಯಾರ ಪೇರೋಲ್ ಎಂಬ ಪ್ರಶ್ನೆ ಇದರಲ್ಲೂ ಅಡಗಿದೆ. ಸಿಟಿಸಿ 24,000, ಅದರಲ್ಲಿ ಬೇಸಿಕ್ 15,000 ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿಎಫ್, ಅದರ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಬೇಸಿಕ್‌ನ ಶೇ 13, ಅಂದರೆ 1,950. ಬೋನಸ್ ಶೇ 8.33ರಂತೆ 1,250. ಮಾಲೀಕರ ಇಎಸ್‌ಐ ಸುಮಾರು 655. ಇವಿಷ್ಟೂ ಸಿಟಿಸಿಯೊಳಗೇ ಇರುವುದರಿಂದ ಗ್ರಾಸ್ 20,145ಕ್ಕೆ ಇಳಿಯುತ್ತದೆ. ಅದರಿಂದ ಅವಳ ಪಾಲಿನ ಪಿಎಫ್ 1,800 ಮತ್ತು ಇಎಸ್‌ಐ ಸುಮಾರು 150 ಕಳೆದರೆ ಕೈಗೆ ಬರುವುದು ಸುಮಾರು 18,200 ರೂಪಾಯಿ. ಇಲ್ಲಿಯವರೆಗೆ ಎಲ್ಲವೂ ಸರಿಯೇ. ಆದರೆ ಬಿಡಿ ಲೆಕ್ಕದಲ್ಲಿ ‘ಸರ್ವಿಸ್ ಚಾರ್ಜ್’ ಎಂಬ ಸಾಲು ಕಂಡರೆ ನಿಲ್ಲಿ. ಏಜೆನ್ಸಿಯ ಸರ್ವಿಸ್ ಚಾರ್ಜ್ ಕಂಪನಿಗೆ ಕಳಿಸುವ ಬಿಲ್ಲಿನಲ್ಲಿ ಸಂಬಳದ ಮೇಲೆ ಸೇರಬೇಕು, ಸಂಬಳದೊಳಗಿಂದ ಹೋಗಬಾರದು. ರಿಜಿಸ್ಟ್ರೇಷನ್, ಯೂನಿಫಾರ್ಮ್, ಟ್ರೈನಿಂಗ್ ಎಂದು ಮುಂಗಡ ಕೇಳುವವರ ವಿಷಯವೂ ಇದೇ.

ಇದೆಲ್ಲ ಅತಿ ಎಚ್ಚರಿಕೆ ಎಂದುಕೊಳ್ಳುವವರು ಕೋಲಾರ ಜಿಲ್ಲೆಯ ನರಸಾಪುರವನ್ನು ನೆನಪಿಸಿಕೊಳ್ಳಬೇಕು. 2020ರ ಡಿಸೆಂಬರ್ 12ರ ಬೆಳಗಿನ ಜಾವ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿದ ಕೆಲಸಗಾರರು ಸಂಬಳದ ವಿಚಾರಕ್ಕೆ ರೊಚ್ಚಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಒಡೆದರು. ಅಲ್ಲಿ ತಯಾರಾಗುತ್ತಿದ್ದುದು ಆ್ಯಪಲ್‌ನ ಐಫೋನ್. ಕೆಲಸಗಾರರಲ್ಲಿ ಬಹುಪಾಲು ಮಂದಿ ಆ್ಯಪಲ್‌ನವರೂ ಅಲ್ಲ, ವಿಸ್ಟ್ರಾನ್‌ನವರೂ ಅಲ್ಲ. ಆರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಎಂಜಿನಿಯರಿಂಗ್ ಓದಿದವರಿಗೆ 21 ಸಾವಿರ ಎಂದು ಹೇಳಿ 16 ಸಾವಿರ, ಆಮೇಲೆ 12 ಸಾವಿರ ಕೊಟ್ಟರು ಎಂಬ ಆರೋಪ ಆಗ ಪತ್ರಿಕೆಗಳಲ್ಲಿ ಬಂತು. ಕಾರ್ಖಾನೆಗಳ ಇಲಾಖೆ ತನಿಖೆ ಮಾಡಿದಾಗ ಜನರ ಸಂಖ್ಯೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಾಗಿದ್ದುದೂ, ಅಷ್ಟು ಜನರನ್ನು ನಿಭಾಯಿಸುವ ಎಚ್‌ಆರ್ ವ್ಯವಸ್ಥೆ ಇಲ್ಲದ್ದೂ, ಹಾಜರಾತಿ ಯಂತ್ರ ಸರಿಯಾಗಿ ಕೆಲಸ ಮಾಡದಿದ್ದುದೂ ಹೊರಬಂತು.

ಹಾಜರಾತಿ ಯಂತ್ರದ ಸಂಗತಿ ಸಣ್ಣದಾಗಿ ಕಾಣುತ್ತದೆ, ಆದರೆ ಗುತ್ತಿಗೆ ಕೆಲಸದ ಮೂಲ ತೊಡಕು ಅಲ್ಲೇ ಇದೆ. ಹಾಜರಾತಿ ಬರೆದುಕೊಳ್ಳುವುದು ಕಾರ್ಖಾನೆ, ಸಂಬಳ ಹಾಕುವುದು ಏಜೆನ್ಸಿ. ಕಾರ್ಖಾನೆಯಿಂದ ಏಜೆನ್ಸಿಗೆ ಹೋಗುವ ಲೆಕ್ಕ ತಪ್ಪಿದರೆ ಓವರ್‌ಟೈಮ್ ಸಂಬಳದಲ್ಲಿ ಕಾಣುವುದಿಲ್ಲ. ಸೂಪರ್‌ವೈಸರ್‌ನನ್ನು ಕೇಳಿದರೆ ಏಜೆನ್ಸಿಯನ್ನು ಕೇಳು ಎನ್ನುತ್ತಾನೆ, ಏಜೆನ್ಸಿಯವನು ಕಂಪನಿಯಿಂದ ಬಂದದ್ದೇ ಇಷ್ಟು ಎನ್ನುತ್ತಾನೆ. ನರಸಾಪುರದಲ್ಲಿ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ಸಂಬಳ ಕೆಲವರಿಗೆ ತಡವಾದದ್ದು ನಿಜ ಎಂದು ಆ್ಯಪಲ್ ಒಪ್ಪಿ ವಿಸ್ಟ್ರಾನ್ ಅನ್ನು ನಿಗಾದಲ್ಲಿಟ್ಟಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಮುಂದೆ 2023ರಲ್ಲಿ ಆ ಕಾರ್ಖಾನೆ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಬಂತು. ಒಡೆದದ್ದು ತಪ್ಪೇ. ಆದರೆ ನನ್ನ ಸಂಬಳಕ್ಕೆ ಯಾರು ಹೊಣೆ ಎಂದು ಕೇಳಲು ಒಂದು ಬಾಗಿಲು ಎಲ್ಲರಿಗೂ ಗೊತ್ತಿದ್ದಿದ್ದರೆ ಆ ಬೆಳಗು ಬೇರೆ ಥರ ಇರುತ್ತಿತ್ತು ಎಂದು ನಾನು ನಂಬಿದ್ದೇನೆ.

ಕಾನೂನು ಆ ಬಾಗಿಲನ್ನು 1970ರಲ್ಲೇ ತೋರಿಸಿತ್ತು. ಗುತ್ತಿಗೆ ಕಾರ್ಮಿಕರ ಕಾಯ್ದೆ ಇಬ್ಬರನ್ನು ಹೆಸರಿಸಿತು: ಜನರನ್ನು ಒದಗಿಸುವ ಗುತ್ತಿಗೆದಾರ, ಕೆಲಸ ನಡೆಯುವ ಜಾಗದ ಪ್ರಧಾನ ಮಾಲೀಕ. ಸಂಬಳ ಕೊಡಬೇಕಾದ್ದು ಗುತ್ತಿಗೆದಾರ. ಅವನು ಕೊಡದಿದ್ದರೆ, ಕಡಿಮೆ ಕೊಟ್ಟರೆ, ಬಾಕಿ ತುಂಬಬೇಕಾದ್ದು ಪ್ರಧಾನ ಮಾಲೀಕ. ಆಮೇಲೆ ಅವನು ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ. ಹೊಸ ಸಂಹಿತೆಯಲ್ಲೂ ಈ ಹೊಣೆ ಹಾಗೇ ಉಳಿದಿದೆ. ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕಾದ ಮಿತಿ ಮಾತ್ರ 20 ಜನರಿಂದ 50ಕ್ಕೆ ಏರಿದೆ. ಒಂದು ಸೂಕ್ಷ್ಮವನ್ನು ಗಮನಿಸಬೇಕು. ಏಜೆನ್ಸಿ ನಿಮ್ಮನ್ನು ತನ್ನ ಕಾಯಂ ನೌಕರರಂತೆ ಇಟ್ಟುಕೊಂಡು ವಾರ್ಷಿಕ ವೇತನ ಬಡ್ತಿ, ಪಿಎಫ್‌ನಂಥ ಸವಲತ್ತು ಕೊಡುತ್ತಿದ್ದರೆ ಹೊಸ ಸಂಹಿತೆ ನಿಮ್ಮನ್ನು ಗುತ್ತಿಗೆ ಕಾರ್ಮಿಕರು ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಗ ಗುತ್ತಿಗೆ ಕಾರ್ಮಿಕರಿಗಿರುವ ಈ ದಾರಿಯೂ ನಿಮಗೆ ಇರುವುದಿಲ್ಲ. ಏಜೆನ್ಸಿಯ ಪತ್ರದಲ್ಲಿ ‘ರೆಗ್ಯುಲರ್ ಎಂಪ್ಲಾಯಿ’ ಎಂದಿದ್ದರೆ ಖುಷಿಪಡುವ ಮುಂಚೆ ಆ ಏಜೆನ್ಸಿಯ ಕಸುವು ಎಷ್ಟು ಎಂದು ನೋಡಿಕೊಳ್ಳಿ.

ಆರು ತಿಂಗಳ ನಂತರ ಪರ್ಮನೆಂಟ್ ಎಂಬ ಮಾತಿಗೆ ಕಾನೂನಿನ ಬಲ ಬಹಳ ಕಡಿಮೆ. ಒಂದು ಕೆಲಸದಲ್ಲಿ ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಅಲ್ಲಿದ್ದವರು ತಾವಾಗಿ ಕಂಪನಿಯ ನೌಕರರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿತು. ಗುತ್ತಿಗೆಯೇ ಬರೀ ಮುಸುಕು ಎಂದು ಸಾಬೀತಾದರೆ ಮಾತ್ರ ಕಾರ್ಮಿಕ ನ್ಯಾಯಾಲಯ ಕಂಪನಿಯನ್ನೇ ಮಾಲೀಕ ಎಂದು ಘೋಷಿಸಬಹುದು. ಸಂಬಳ ನಿಜವಾಗಿ ಯಾರಿಂದ ಬರುತ್ತದೆ, ಕೆಲಸದ ಮೇಲೆ ಹತೋಟಿ ಯಾರದು ಎಂಬುದನ್ನು ಅಲ್ಲಿ ದಾಖಲೆ ಸಮೇತ ತೋರಿಸಬೇಕು. ಅದು ವರ್ಷಗಟ್ಟಲೆಯ ಕೆಲಸ. ಹಾಗಾಗಿ ಕಾಯಂ ಮಾಡುವ ಮಾತು ಪತ್ರದಲ್ಲಿ ಇಲ್ಲದಿದ್ದರೆ ಅದನ್ನು ಇಲ್ಲವೆಂದೇ ಲೆಕ್ಕ ಹಾಕಿ, 18,200 ರೂಪಾಯಿಗೆ ಈ ಕೆಲಸ ಆದೀತೇ ಎಂದು ಯೋಚಿಸುವುದು ಸರಿ. ಇನ್ನೊಂದು ಪ್ರಶ್ನೆಯನ್ನೂ ಕೇಳಿಡಿ: ಕಂಪನಿ ನಿಮ್ಮನ್ನು ತೆಗೆದುಕೊಳ್ಳಬೇಕಾದರೆ ಏಜೆನ್ಸಿಗೆ ಹಣ ಕಟ್ಟಬೇಕೇ? ಅನೇಕ ಒಪ್ಪಂದಗಳಲ್ಲಿ ಇಂಥ ಷರತ್ತು ಇರುತ್ತದೆ. ಕೆಲಸದಲ್ಲಿ ಒಳ್ಳೆಯ ಹೆಸರಿದ್ದರೂ ಕೆಲವರು ಗುತ್ತಿಗೆಯಲ್ಲೇ ಉಳಿಯುವುದಕ್ಕೆ ಅದೂ ಒಂದು ಕಾರಣ.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಇನ್ನೊಂದು ಮುಖ ಇದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಸುತ್ತ ವಿಜ್ಞಾನ ನಗರ ಎದ್ದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಕ್ಯಾಂಪಸ್ ಅಲ್ಲಿದೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಇಸ್ರೋ ತನ್ನ ಮರುಬಳಕೆ ವಾಹನವನ್ನು 2023 ಮತ್ತು 2024ರಲ್ಲಿ ಇಲ್ಲಿನ ರನ್‌ವೇ ಮೇಲೇ ಇಳಿಸಿತು. ಊರ ಪಕ್ಕದಲ್ಲೇ ಇಂಥ ಹೆಸರುಗಳಿರುವಾಗ “ಡಿಆರ್‌ಡಿಒ ಚಳ್ಳಕೆರೆ, ಕಾಂಟ್ರಾಕ್ಟ್ ಟು ಹೈರ್” ಎಂಬ ಸಂದೇಶ ಬಂದರೆ ಅಪ್ಪ ಅಮ್ಮ ಎಮ್ಮೆ ಮಾರಿಯಾದರೂ ದುಡ್ಡು ಹೊಂದಿಸುತ್ತಾರೆ. ಇಲ್ಲಿ ನಾನು ಖಚಿತವಾಗಿ ಹೇಳಬಲ್ಲೆ: ಸರ್ಕಾರಿ ಸಂಸ್ಥೆಯಲ್ಲಿ ಏಜೆನ್ಸಿಯ ಮೂಲಕ ಕಾಯಂ ಆಗುವ ದಾರಿ ಇಲ್ಲ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್‌ನಲ್ಲಿ ಉಮಾದೇವಿ ಪ್ರಕರಣದಲ್ಲಿ, ಅದೂ ನಮ್ಮ ಕರ್ನಾಟಕದ್ದೇ ಪ್ರಕರಣ, ಸಾರ್ವಜನಿಕ ಹುದ್ದೆಗೆ ಬಹಿರಂಗ ಪ್ರಕಟಣೆ ಮತ್ತು ಸ್ಪರ್ಧೆಯಿಲ್ಲದೆ ಹಿಂಬಾಗಿಲಿನಿಂದ ಸೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಡಿಆರ್‌ಡಿಒ, ಇಸ್ರೋ, ವಿಜ್ಞಾನ ಸಂಸ್ಥೆ ಮೂರೂ ತಮ್ಮ ಕಾಯಂ ಹುದ್ದೆಗಳನ್ನು ತಮ್ಮದೇ ಪ್ರಕಟಣೆಯಿಂದ ತುಂಬುತ್ತವೆ.

ಹಾಗೆಂದು ಇಂಥ ಸಂಸ್ಥೆಗಳಲ್ಲಿ ಗುತ್ತಿಗೆ ಕೆಲಸವೇ ಇರುವುದಿಲ್ಲ ಎಂದಲ್ಲ. ಕಾವಲು, ಸ್ವಚ್ಛತೆ, ಚಾಲನೆ, ಡೇಟಾ ಎಂಟ್ರಿ ಮೊದಲಾದವಕ್ಕೆ ಕೇಂದ್ರ ಸರ್ಕಾರದ ಸಂಸ್ಥೆಗಳು ಸಾಮಾನ್ಯವಾಗಿ ಜೆಮ್ ತಾಣದಲ್ಲಿ ಟೆಂಡರ್ ಕರೆದು ಏಜೆನ್ಸಿಯನ್ನು ಆರಿಸುತ್ತವೆ. ಎಷ್ಟು ಜನ ಬೇಕು, ಎಷ್ಟು ಕಾಲಕ್ಕೆ ಎಂಬುದು ಆ ಟೆಂಡರಿನಲ್ಲೇ ಇರುತ್ತದೆ. ರಿಕ್ರೂಟರ್‌ನ ಬಳಿ ಟೆಂಡರ್ ಸಂಖ್ಯೆ ಕೇಳಿ. ನಿಜವಾದ ಗುತ್ತಿಗೆದಾರನಿಗೆ ಅದು ಬಾಯಿಪಾಠವಾಗಿರುತ್ತದೆ.

ಸೇರಿದ ಮೇಲೂ ಒಂದು ಕೆಲಸ ಉಳಿದಿದೆ. ಎರಡನೆಯ ತಿಂಗಳ ಸಂಬಳ ಬಂದ ಮೇಲೆ ಪಿಎಫ್ ಪಾಸ್‌ಬುಕ್ ತೆರೆದು ಅದರಲ್ಲಿರುವ ಸಂಸ್ಥೆಯ ಹೆಸರು, ನೇಮಕಾತಿ ಪತ್ರದ ಹೆಸರು, ಬ್ಯಾಂಕಿಗೆ ಸಂಬಳ ಹಾಕಿದವರ ಹೆಸರು ಇವು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ಒಂದೇ ಆಗಿದ್ದರೆ ಸರಿ. ಪಾಸ್‌ಬುಕ್‌ನಲ್ಲಿ ಬೇರೆ ಹೆಸರಿದ್ದರೆ ನಿಮ್ಮನ್ನು ನಿಮಗೆ ಹೇಳದೆ ಇನ್ನೊಬ್ಬ ವೆಂಡರ್‌ಗೆ ದಾಟಿಸಿದ್ದಾರೆ. ಪಾಸ್‌ಬುಕ್ ಖಾಲಿ ಇದ್ದು ಸಂಬಳ ಚೀಟಿಯಲ್ಲಿ ಪಿಎಫ್ ಕಡಿತ ತೋರಿಸಿದ್ದರೆ ನಿಮ್ಮ ಹಣವನ್ನು ಅವರು ಇಟ್ಟುಕೊಂಡಿದ್ದಾರೆ. ಆಗ ದೂರು ಎಲ್ಲಿಗೆ ಎಂಬುದು ತಕರಾರು ಯಾವುದು, ಕೆಲಸ ನಡೆಯುವ ಜಾಗ ಯಾವುದು ಎಂಬುದರ ಮೇಲಿದೆ. ಪಿಎಫ್ ಹಣದ ತಕರಾರು ಪಿಎಫ್ ಇಲಾಖೆಗೆ. ಸಂಬಳದ ತಕರಾರು ಖಾಸಗಿ ಕಾರ್ಖಾನೆಯಲ್ಲಾದರೆ ರಾಜ್ಯದ ಕಾರ್ಮಿಕ ಇಲಾಖೆಗೆ, ಕುದಾಪುರದಂಥ ಕೇಂದ್ರದ ಸಂಸ್ಥೆಯಲ್ಲಾದರೆ ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರಿಗೆ. ತಪ್ಪಾದ ಕಚೇರಿಗೆ ಕೊಟ್ಟ ಅರ್ಜಿ ತಿಂಗಳುಗಟ್ಟಲೆ ಅಲೆದು ವಾಪಸು ಬರುತ್ತದೆ.

ಚಳ್ಳಕೆರೆ, ಮೊಳಕಾಲ್ಮುರಿನ ಕಾಲೇಜು ಮತ್ತು ಐಟಿಐಗಳ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರುಗಳಲ್ಲಿ ನನ್ನದೊಂದು ಮನವಿ. ಏಜೆನ್ಸಿಯವರನ್ನು ಕ್ಯಾಂಪಸ್ಸಿಗೆ ಬಿಟ್ಟುಕೊಳ್ಳುವ ಮುಂಚೆ ನೇಮಕಾತಿ ಪತ್ರ ಕೊಡುವವರು, ಪಿಎಫ್ ಕಟ್ಟುವವರು, ಕೆಲಸ ಮಾಡಿಸಿಕೊಳ್ಳುವವರು ಯಾರೆಂಬುದನ್ನು ಅವರದೇ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ನೋಟಿಸ್ ಬೋರ್ಡಿಗೆ ಹಾಕಿ. ಒಬ್ಬೊಬ್ಬ ವಿದ್ಯಾರ್ಥಿ ಅಂಜುತ್ತಾ ಕೇಳುವ ಪ್ರಶ್ನೆಯನ್ನು ಕಾಲೇಜು ಕೇಳಿದರೆ ಏಜೆನ್ಸಿ ಉತ್ತರ ಕೊಡಲೇಬೇಕಾಗುತ್ತದೆ. ಬರೆದುಕೊಡಲು ಒಪ್ಪದವರನ್ನು ಗೇಟಿನಿಂದಲೇ ಕಳಿಸಿಬಿಡಿ.